ಟ್ರೇಲರಿನ ಹಿಂದಿನ ಕೆಂಪು ದೀಪ

ನನ್ನ ಗಂಡ ತೀರಿಕೊಂಡ ಮೇಲೆ ಬಹಳ ದಿನ ನನಗೆ ಅಳು ಬರಲಿಲ್ಲ. ಮಾತಾಡಿಸಲು ಬಂದವರೆಲ್ಲ ನಾನು ಅಳುವುದನ್ನೇ ಕಾಯುತ್ತ ಕೂರುತ್ತಿದ್ದರು. ಅಳದಿದ್ದಾಗ ಅವರಿಗೆ ಏಳಲು ದಾರಿ ಸಿಗುತ್ತಿರಲಿಲ್ಲ. ಕೊನೆಗೆ ನಾನೇ ಚಹಾ ಮಾಡಿ ತಂದಿಟ್ಟು, ಕುಡಿದು ಹೊರಡಲಿ ಎಂದು ಎದುರು ನಿಲ್ಲುತ್ತಿದ್ದೆ. ಹುಕ್ಕೇರಿಯಿಂದ ಬಂದಿದ್ದ ನನ್ನ ತವರಿನವರು ಹೊರಡುವ ಮುನ್ನ, ಹುಡುಗಿ ಕಲ್ಲಾಗಿದ್ದಾಳೆ, ಸ್ವಲ್ಪ ನೋಡಿಕೊಳ್ಳಿ ಎಂದು ಅತ್ತೆಗೆ ಹೇಳಿ ಹೋದರು. ಅದು ನನ್ನ ಕಿವಿಗೂ ಬಿತ್ತು. ಬಿದ್ದರೂ ಏನೂ ಅನಿಸಲಿಲ್ಲ. ಊಟ ಮಾಡುತ್ತಿದ್ದೆ, ನಿದ್ದೆಯೂ ಬರುತ್ತಿತ್ತು. ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ಎಂಬುದು ಮಾತ್ರ ಅತ್ತೆ ಹೇಳಿದರೇ ತಿಳಿಯುತ್ತಿತ್ತು.

ನಮ್ಮ ಮನೆ ಗೋಕಾಕದಲ್ಲಿ. ನನ್ನ ಗಂಡ ಮೂಡಲಗಿಯ ಆಚೆ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ದಿನಾ ಮೋಟಾರ್‌ಸೈಕಲ್ ಮೇಲೆ ಹೋಗಿ ಬರುವುದು. ಅದು ಕಬ್ಬಿನ ಹಂಗಾಮು. ಒಂದೊಂದು ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರು, ರಸ್ತೆಗೆ ಅರ್ಧ ಚಾಚಿಕೊಂಡ ಕಬ್ಬು. ಯಾವುದಾದರೂ ಟ್ರೇಲರಿನ ಟೈರು ಒಡೆದರೆ ಅದನ್ನು ಅಲ್ಲೇ ಕಳಚಿ ಬಿಟ್ಟು, ಇನ್ನೊಂದನ್ನು ಎಳೆದುಕೊಂಡು ಕಾರ್ಖಾನೆಗೆ ಹೋಗಿಬಿಡುತ್ತಾರೆ. ಬಿಟ್ಟುಹೋದದ್ದರ ಸುತ್ತ ನಾಲ್ಕು ಕಲ್ಲು, ಹಿಂದೆ ಕಬ್ಬಿನ ಸಂದಿಗೆ ಸಿಗಿಸಿದ ಒಂದು ಬೇವಿನ ಟೊಂಗೆ. ಇಲ್ಲಿ ಗಾಡಿ ನಿಂತಿದೆ ಎಂದು ತಿಳಿಸಲು ನಮ್ಮ ಕಡೆಯ ರೂಢಿ ಇದು. ಹಗಲು ಹೊತ್ತು ಇದು ಎಲ್ಲರಿಗೂ ಕಾಣುತ್ತದೆ. ಹೊತ್ತು ಮುಳುಗಿದ ಮೇಲೆ ಹಸಿರು ಟೊಂಗೆ ಯಾರಿಗೆ ಕಾಣಬೇಕು? ಅಂಥದೊಂದು ಸಂಜೆ ಅವರ ಮೋಟಾರ್‌ಸೈಕಲ್ ಅಂಥದೊಂದು ಟ್ರೇಲರಿನ ಹಿಂಬದಿಗೆ ಹೋಗಿ ಬಡಿಯಿತು.

ದಿನಕರ್ಮ ಮುಗಿದ ಮೇಲೆ ನಾನು ಕೆಲಸಕ್ಕೆ ಹೋದೆ. ಊರಿನ ಒಂದು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ಕೆಲಸ. ಮನೆಯಲ್ಲಿ ಕೂತರೆ ಬಂದವರ ಮುಖ ನೋಡಬೇಕಾಗುತ್ತಿತ್ತು; ಲ್ಯಾಬಿನಲ್ಲಿ ಮೀಟರಿನ ಮುಖ ನೋಡಿದರಾಯಿತು, ಅದು ಏನನ್ನೂ ಕೇಳುವುದಿಲ್ಲ. ಆ ತಿಂಗಳು ಹುಡುಗರಿಗೆ ಟೈಮರ್ ಚಿಪ್ಪಿನ ಪ್ರಯೋಗ ಇತ್ತು. ಎಂಟು ಕಾಲಿನ, ಕಡಲೆ ಬೀಜಕ್ಕಿಂತ ತುಸು ದೊಡ್ಡದಾದ ಕರಿ ಚಿಪ್ಪು. ಐದುನೂರ ಐವತ್ತೈದು ಎಂಬುದು ಅದರ ನಂಬರು. ಯಾವ ರೇಡಿಯೋ ಅಂಗಡಿಯಲ್ಲಿ ಕೇಳಿದರೂ ಸಿಗುತ್ತಿತ್ತು. ಗಣಪತಿ ಹಬ್ಬದಲ್ಲಿ ಮಂಟಪದ ಸುತ್ತ ಹತ್ತಿ ಆರುವ ದೀಪಗಳ ಹಿಂದೆಲ್ಲ ಇದೇ ಕೂತಿರುತ್ತಿತ್ತು.

ಇದನ್ನು ನಾನು ಕಲಿಸುತ್ತಿದ್ದ ರೀತಿ ಹೀಗೆ. ಕೆಪ್ಯಾಸಿಟರ್ ಒಂದು ನೀರಿನ ತೊಟ್ಟಿ. ಎರಡು ರೆಸಿಸ್ಟರು ಒಂದರ ಮುಂದೊಂದು ಜೋಡಿಸಿದ ಸಣ್ಣ ಪೈಪು. ತೊಟ್ಟಿ ತುಂಬುವಾಗ ಕರೆಂಟು ಎರಡೂ ಪೈಪು ದಾಟಿ ಬರಬೇಕು. ಮೂರರಲ್ಲಿ ಎರಡು ಪಾಲು ತುಂಬಿದ ಕೂಡಲೇ ಚಿಪ್ಪು ತಳದ ಬಾಗಿಲು ತೆಗೆಯುತ್ತದೆ. ಆಗ ಎರಡನೆಯ ಪೈಪಿನ ಮೂಲಕ ಮಾತ್ರ ಖಾಲಿಯಾಗುತ್ತ ಬರುತ್ತದೆ. ಮೂರರಲ್ಲಿ ಒಂದು ಪಾಲು ಉಳಿದಾಗ ಬಾಗಿಲು ಮತ್ತೆ ಮುಚ್ಚುತ್ತದೆ. ತುಂಬುವಷ್ಟು ಹೊತ್ತು, ದೀಪಕ್ಕೆ ಕರೆಂಟು ಕೊಡುವ ಚಿಪ್ಪಿನ ಹೊರಕಾಲಿನಲ್ಲಿ ಕರೆಂಟು ಇರುತ್ತದೆ, ಖಾಲಿಯಾಗುವಷ್ಟು ಹೊತ್ತು ಇರುವುದಿಲ್ಲ. ಯಾರೂ ಮುಟ್ಟದಿದ್ದರೂ ಹೀಗೇ ನಡೆಯುತ್ತಿರುತ್ತದೆ. ಇಷ್ಟು ಹೇಳಿ, ಪ್ರತಿ ವರ್ಷ ಹುಡುಗರಿಗೆ ನೆನಪಿರಲಿ ಎಂದು ಒಂದು ಮಾತು ಸೇರಿಸುತ್ತಿದ್ದೆ: “ತುಂಬಾಕ ಇಬ್ರೂ ಬೇಕು, ಖಾಲಿ ಆಗಾಕ ಒಬ್ರ ಸಾಕು.” ಹುಡುಗರು ನಗುತ್ತಿದ್ದರು.

ಆ ವರ್ಷವೂ ಬಾಯಿ ತಾನಾಗಿಯೇ ಅದನ್ನು ಹೇಳಿತು. ಯಾರೂ ನಗಲಿಲ್ಲ. ಹಿಂದಿನ ಬೆಂಚಿನವರು ತಲೆ ತಗ್ಗಿಸಿದರು. ಅವರು ಯಾಕೆ ತಲೆ ತಗ್ಗಿಸಿದರು ಎಂಬುದು ನನಗೆ ಬೋರ್ಡಿನ ಮೇಲೆ ಸೂತ್ರ ಪೂರ್ತಿ ಬರೆದ ಮೇಲೆ ಹೊಳೆಯಿತು. ಹೊಳೆದ ಮೇಲೂ ಏನೂ ಆಗಲಿಲ್ಲ. ಸೀಮೆಸುಣ್ಣ ಕೆಳಗಿಟ್ಟು ಕೈ ಒರೆಸಿಕೊಂಡೆ.

ಒಂದು ರವಿವಾರ ಮಧ್ಯಾಹ್ನ ಒಬ್ಬ ಹಿರಿಯರು ಮನೆಗೆ ಬಂದರು. ಬಿಳಿ ಧೋತರ, ಬಿಳಿ ಟೋಪಿ, ಕೈಯಲ್ಲಿ ಚೀಲ. ಹೊಸ್ತಿಲ ಹೊರಗೇ ನಿಂತು ಚಪ್ಪಲಿ ಬಿಟ್ಟರು, ಒಳಗೆ ಮಾತ್ರ ಬರಲಿಲ್ಲ.

“ಮೂಡಲಗಿ ಬಾಜೂಕ ನಮ್ಮ ಹೊಲ ಅದಾವರಿ ಅಕ್ಕಾರ,” ಎಂದರು. ಆಮೇಲೆ ನೆಲ ನೋಡುತ್ತ, “ಆ ಟ್ರೇಲರ್ ನಂದ ರಿ,” ಎಂದರು.

ಹೊಡೆದು ಓಡಿಸಬೇಕು ಎಂದು ನನಗೆ ಅನಿಸಬೇಕಿತ್ತು. ಆದರೆ, ಇವರು ಬಿಸಿಲಲ್ಲಿ ನಿಂತಿದ್ದಾರೆ ಎಂದಷ್ಟೇ ಅನಿಸಿತು. “ಒಳಗ ಬರ್ರಿ ಕಾಕಾ,” ಎಂದೆ. ಕಾಕಾ ಎನ್ನುವುದು ಆ ವಯಸ್ಸಿನ ಯಾರನ್ನಾದರೂ ಕರೆಯುವ ರೀತಿ, ಅಭ್ಯಾಸದಿಂದ ಬಂದದ್ದು. ಅವರು ಒಳಗೆ ಬಂದು ಗೋಡೆಗೊರಗಿ ನೆಲದ ಮೇಲೆಯೇ ಕೂತರು. ಕ್ಷಮಿಸಿ ಎನ್ನಲಿಲ್ಲ. ದೇವರ ಇಚ್ಛೆ ಎಂದೂ ಹೇಳಲಿಲ್ಲ. ಬಂದವರೆಲ್ಲ ಅದನ್ನೇ ಹೇಳಿ ಹೇಳಿ ನನ್ನ ಕಿವಿ ತೂತು ಬಿದ್ದಿತ್ತು, ಇವರು ಹೇಳದೇ ಇದ್ದದ್ದಕ್ಕೆ ಒಂದು ನಮೂನೆ ನಿರಾಳವಾಯಿತು.

“ನೀವು ಕರೆಂಟಿಂದು ಕಲಸ್ತೀರಂತ ಗೊತ್ತಾತ್ರಿ,” ಎಂದರು. “ಇನ್ನ ಮ್ಯಾಲೆ ನನ್ನ ಗಾಡಿ ದಾರ್‍ಯಾಗ ನಿಂತ್ರ ಹಿಂದ ಒಂದು ಕೆಂಪು ಲೈಟ್ ಹತ್ತಿ ಆರಿ, ಹತ್ತಿ ಆರಿ ಮಾಡಬೇಕ್ರಿ. ಟ್ರ್ಯಾಕ್ಟರ್ ಬಿಟ್ಟು ಹೋಗಿರತೈತಿ, ಬ್ಯಾಟರಿ ಇರೂದಿಲ್ಲ. ಟಾರ್ಚಿನ ಸೆಲ್ಲಿನ ಮ್ಯಾಲೇ ನಡೀಬೇಕು. ಮಾಡಿ ಕೊಡತೀರೇನ್ರಿ?”

“ಕಂದೀಲ ಇಟ್ರ ಆಗೂದಿಲ್ಲೇನ್ರಿ?” ಎಂದೆ.

“ಇಟ್ಟ ನೋಡೀನ್ರಿ. ಗಾಳಿಗೆ ಆರತೈತಿ. ಇಲ್ಲಾಂದ್ರ ಯಾರರ ಒಯ್ತಾರ.”

ಒಂದು ಸೆಕೆಂಡಿಗೆ ಒಮ್ಮೆ ಮಿನುಗಿದರೆ ಸಾಕೇ ಎಂದು ಕೇಳಿದೆ. ಸಾಕು ಎಂದರು. ಚಹಾ ಬೇಡವೆಂದು ಹೇಳಿ, ಹೊತ್ತು ಮುಳುಗುವ ಮೊದಲು ಊಟ ಮುಗಿಸಬೇಕು, ನಮ್ಮಲ್ಲಿ ಆಮೇಲೆ ಉಣ್ಣುವುದಿಲ್ಲ ಎಂದು ಎದ್ದರು. ಅವರು ಜೈನರೆಂದು ಆಗ ತಿಳಿಯಿತು.

ಅತ್ತೆ ಹಿತ್ತಿಲಲ್ಲಿ ಇದ್ದರು. ಬಂದು, “ಯಾರವ್ವಾ ಅವರು?” ಎಂದರು. ಹೇಳಿದೆ. ಅವರು ಕೊರಳಲ್ಲಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಸತ್ತದ್ದು ಅವರ ಒಬ್ಬನೇ ಮಗ. ಬೈಯುತ್ತಾರೆ, ನನ್ನನ್ನಾದರೂ ಬೈಯುತ್ತಾರೆ ಅಂದುಕೊಂಡೆ.

“ಮಾಡಿ ಕೊಡಾಕಿ ಏನು?” ಎಂದರು.

“ಕೊಡತೇನಿ ಅಂದೇನ್ರಿ ಅತ್ತಿ.”

“ಹಂಗಾರ ಗಟ್ಟಿ ಮಾಡಿ ಕೊಡು,” ಎಂದು ಒಳಗೆ ಹೋದರು.

ನನಗೆ ಅದರಲ್ಲಿ ಯೋಚಿಸುವಂಥದೇನೂ ಇರಲಿಲ್ಲ. ಎಂಟು ವರ್ಷದ ಹುಡುಗರ ಕೈಯಲ್ಲೂ ಮಾಡಿಸಬಹುದಾದ ಕೆಲಸ. ಲ್ಯಾಬಿನ ಡಬ್ಬಿಯಿಂದ ನಲವತ್ತೇಳು ಸಾವಿರ ಓಮಿನ ಎರಡು ರೆಸಿಸ್ಟರು ತೆಗೆದೆ, ಹತ್ತು ಮೈಕ್ರೋಫ್ಯಾರಡಿನ ಒಂದು ಕೆಪ್ಯಾಸಿಟರು. ಹುಡುಗರು ಪ್ರಯೋಗಕ್ಕೆ ಬಳಸುತ್ತಿದ್ದವೂ ಅವೇ. ಲೆಕ್ಕ ಬಾಯಲ್ಲೇ ಇತ್ತು: ಮೊದಲನೆಯ ರೆಸಿಸ್ಟರಿಗೆ ಎರಡನೆಯದರ ಎರಡರಷ್ಟು ಕೂಡಿಸು, ಕೆಪ್ಯಾಸಿಟರಿನಿಂದ ಗುಣಿಸು, ಅದರಿಂದ ಒಂದು ಪಾಯಿಂಟ್ ನಾಲ್ಕು ನಾಲ್ಕನ್ನು ಭಾಗಿಸು. ಸೆಕೆಂಡಿಗೆ ಎಷ್ಟು ಸಲ ಎಂಬುದು ಬರುತ್ತದೆ. ಬಂದದ್ದು ಒಂದಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಅವರು ಕೇಳಿದ್ದು ಒಂದು, ಸರಿಹೋಯಿತು. ಚಿಪ್ಪಿನ ಹೊರಕಾಲಿಗೆ ಒಂದು ಟ್ರಾನ್ಸಿಸ್ಟರ್, ಅದಕ್ಕೆ ಟಾರ್ಚಿನ ಬಲ್ಬು, ನಾಲ್ಕು ದೊಡ್ಡ ಸೆಲ್ಲು. ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂಡಿಸಿ, ಬಲ್ಬಿಗೆ ಕೆಂಪು ಕಾಗದ ಸುತ್ತಿ, ಅವರು ಮತ್ತೆ ಬಂದಾಗ ಕೊಟ್ಟು ಕಳಿಸಿದೆ. ಮಾಡುವಾಗಲೂ ಕೊಡುವಾಗಲೂ ಮನಸ್ಸು ಒಣ ಬಾವಿಯ ಹಾಗೆ ಇತ್ತು.

ಮುಂದಿನ ವಾರವೇ ಅವರು ಬೆಳಿಗ್ಗೆ ಬಾಗಿಲಿಗೆ ಬಂದು ನಿಂತರು. ಕಣ್ಣು ಕೆಂಪಾಗಿದ್ದವು.

“ಆಕ್ಸಲ್ ಮುರದು ಗಾಡಿ ನಿಂತಿತ್ರಿ. ಮೊದಲನೇ ರಾತ್ರಿ ಛಲೋ ಹತ್ತಿತು. ಎರಡನೇ ರಾತ್ರಿ ಊರಾಗ ಜನಾ ಇನ್ನೂ ಮಲಗಿರಲಿಲ್ಲ, ಸಣ್ಣ ಆಗಿ ಆರೇ ಹೋತ್ರಿ.”

“ಆಮ್ಯಾಲೆ?”

“ಆಮ್ಯಾಲೇನ್ರಿ, ನಾನ ಗಾಡಿ ಹಿಂದ ನಿಂತಿನ್ರಿ. ಟಾರ್ಚ್ ಹಿಡದು ಬಂದಾವರಿಗೆಲ್ಲಾ ಬೀಸಿದ್ನಿ. ಬೆಳಗ ಆಗೂತನಕ.”

ಎಷ್ಟೋ ದಿನಗಳ ಮೇಲೆ ನನಗೆ ಏನೋ ಅನಿಸಿತು. ಅದು ಭಯ. ಇವರು ಮಲಗಿಬಿಟ್ಟಿದ್ದರೆ? ದೀಪ ಇದೆ ಎಂಬ ನಂಬಿಕೆಯಿಂದ ಮನೆಗೆ ಹೋಗಿದ್ದರೆ? ದೀಪವಿಲ್ಲದ ಗಾಡಿಗೆ ಯಾರಾದರೂ ಕಾವಲು ನಿಂತಾರು. ದೀಪ ಕಟ್ಟಿದ ಗಾಡಿಯನ್ನು ಎಲ್ಲರೂ ಅದರ ಪಾಡಿಗೆ ಬಿಟ್ಟು ಹೋಗುತ್ತಾರೆ. ಹಾಗಾಗಿದ್ದರೆ ಇವತ್ತು ಯಾವಳೋ ಒಬ್ಬಳು ನನ್ನ ಹಾಗೆ ಬಂದವರಿಗೆ ಚಹಾ ಮಾಡಿಕೊಡುತ್ತಿದ್ದಳು.

ಡಬ್ಬಿ ಬಿಚ್ಚಿ ನೋಡಿದರೆ ಏನೂ ಕೆಟ್ಟಿರಲಿಲ್ಲ, ಸೆಲ್ಲು ಸತ್ತಿದ್ದವು. ತಪ್ಪು ಎಲ್ಲಿ ಎಂದು ಹುಡುಕಬೇಕಾಗಿಯೂ ಇರಲಿಲ್ಲ. ಲ್ಯಾಬಿನಲ್ಲಿ ಕರೆಂಟು ಗೋಡೆಯಿಂದ ಬರುತ್ತದೆ, ಬಟನ್ ಒತ್ತಿದರೆ ಆಯಿತು. ಅದು ಖರ್ಚಾಗುವ ವಸ್ತು ಎಂಬುದೇ ನಮ್ಮಂಥ ಮಾಸ್ತರರ ತಲೆಯಲ್ಲಿ ಇರುವುದಿಲ್ಲ. ಹುಡುಗರಿಗೆ ಎರಡು ಲೆಕ್ಕ ಮಾಡಿಸುತ್ತೇವೆ: ಸೆಕೆಂಡಿಗೆ ಎಷ್ಟು ಸಲ ಎಂಬುದು ಒಂದು, ಪ್ರತಿ ಸಲದಲ್ಲಿ ಎಷ್ಟು ಪಾಲು ಹೊತ್ತು ಹತ್ತಿರುತ್ತದೆ ಎಂಬುದು ಇನ್ನೊಂದು. ಎರಡನೆಯದಕ್ಕೆ ಡ್ಯೂಟಿ ಸೈಕಲ್ ಎನ್ನುತ್ತಾರೆ. ಮೊದಲನೆಯ ಲೆಕ್ಕ ಮಾತ್ರ ನಾನು ಮಾಡಿದ್ದೆ. ಎರಡು ರೆಸಿಸ್ಟರೂ ಸಮ ಇದ್ದರೆ ಮೂರರಲ್ಲಿ ಎರಡು ಪಾಲು ಹೊತ್ತು ಬಲ್ಬು ಉರಿಯುತ್ತದೆ, ಒಂದು ಪಾಲು ಮಾತ್ರ ಆರಿರುತ್ತದೆ. ಟಾರ್ಚಿನ ಬಲ್ಬು ಹಾಗೆ ಉರಿದರೆ ಯಾವ ಸೆಲ್ಲು ತಡೆದೀತು? ಮಿನುಗುವುದನ್ನು ನೋಡಿ ಎಲ್ಲ ಸರಿ ಇದೆ ಎಂದುಕೊಂಡಿದ್ದೆ.

“ಇದನ್ನ ಇಲ್ಲೇ ಬಿಡ್ರಿ ಕಾಕಾ. ಹೊಸಾದು ಆಗೂತನಕ ಗಾಡೀನ ಕಾವಲಿಲ್ಲದ ಬಿಡಬ್ಯಾಡ್ರಿ,” ಎಂದೆ. ನನ್ನ ದನಿ ಏರಿತ್ತು. ಅತ್ತೆ ಅಡುಗೆಮನೆಯಿಂದ ಹೊರಗೆ ಬಂದು ನೋಡಿದರು.

ಬೇಕಾಗಿದ್ದುದು ಸ್ವಲ್ಪ ಹೊತ್ತು ಹತ್ತಿ, ಬಹಳ ಹೊತ್ತು ಆರಿರುವ ದೀಪ. ಆ ಪುಟ್ಟ ಚಿಪ್ಪು ಅದಕ್ಕೇ ಒಪ್ಪುವುದಿಲ್ಲ. ಎರಡೂ ರೆಸಿಸ್ಟರು ದಾಟಿ ತುಂಬಬೇಕು, ಒಂದನ್ನೇ ದಾಟಿ ಖಾಲಿಯಾಗಬೇಕು. ಹಾಗಿದ್ದ ಮೇಲೆ ತುಂಬುವ ಹೊತ್ತು ಖಾಲಿಯಾಗುವ ಹೊತ್ತಿಗಿಂತ ಯಾವಾಗಲೂ ಹೆಚ್ಚೇ. ಮೊದಲನೆಯ ರೆಸಿಸ್ಟರನ್ನು ಎಷ್ಟು ಸಣ್ಣದು ಮಾಡಿದರೂ ಅರ್ಧದ ಹತ್ತಿರ ಬರುತ್ತದೆ, ಅರ್ಧಕ್ಕಿಂತ ಕೆಳಗಿಳಿಯುವುದಿಲ್ಲ. ಪ್ರತಿ ವರ್ಷ ಒಬ್ಬನಾದರೂ ಜಾಣ ಅದನ್ನು ತೆಗೆದೇ ಹಾಕಿ ಬರೀ ತಂತಿ ಜೋಡಿಸುತ್ತಾನೆ. ಬಾಗಿಲು ತೆರೆದ ಕೂಡಲೇ ಪೂರಾ ಕರೆಂಟು ಚಿಪ್ಪಿನೊಳಗೇ ನುಗ್ಗಿ ಅದು ಬೆರಳು ಸುಡುವಷ್ಟು ಕಾಯುತ್ತದೆ, ಲ್ಯಾಬ್ ತುಂಬ ವಾಸನೆ.

ದಾರಿ ಪುಸ್ತಕದಲ್ಲೇ ಇದೆ, ಹೊಸದೇನಲ್ಲ. ಎರಡನೆಯ ರೆಸಿಸ್ಟರಿಗೆ ಅಡ್ಡಲಾಗಿ ಒಂದು ಡಯೋಡು ಹಾಕಿದರೆ ಆಯಿತು. ಡಯೋಡಿನಲ್ಲಿ ಕರೆಂಟು ಒಂದೇ ದಿಕ್ಕಿಗೆ ಹರಿಯುತ್ತದೆ. ತುಂಬುವಾಗ ಅದರ ಮೂಲಕ ಎರಡನೆಯ ರೆಸಿಸ್ಟರನ್ನು ಮುಟ್ಟದೆ ಪಕ್ಕದಿಂದ ಹಾದು ಹೋಗುತ್ತದೆ. ಖಾಲಿಯಾಗುವಾಗ ಆ ದಾರಿ ಬಂದ್. ಆಮೇಲೆ ಹತ್ತುವ ಹೊತ್ತು ಮೊದಲನೆಯ ರೆಸಿಸ್ಟರಿನದು, ಆರುವ ಹೊತ್ತು ಎರಡನೆಯದರದು. ಒಂದರ ಗೊಡವೆ ಇನ್ನೊಂದಕ್ಕಿಲ್ಲ.

ಮೊದಲನೆಯದಕ್ಕೆ ನಾಲ್ಕು ಸಾವಿರದ ಏಳುನೂರು ಓಮಿನದನ್ನು ಹಾಕಿ ನೋಡಿದೆ, ಜಿಪುಣತನ ಜಾಸ್ತಿಯಾಯಿತು. ಬಲ್ಬಿನ ತಂತಿ ಕಾಯುವಷ್ಟು ಹೊತ್ತೂ ಸಿಗದೆ ಬೀಡಿ ತುದಿಯ ಹಾಗೆ ಕೆಂಪಗಾಗಿ ಆರುತ್ತಿತ್ತು. ಇಪ್ಪತ್ತೆರಡು ಸಾವಿರದ್ದು ಹಾಕಿದಾಗ ಫಳ್ಳನೆ ಬೆಳಗಿತು. ಎರಡನೆಯದಕ್ಕೆ ಒಂದೂವರೆ ಲಕ್ಷ ಓಮ್. ಕೆಪ್ಯಾಸಿಟರ್ ಹಳೆಯದೇ. ಪ್ರತಿ ರೆಸಿಸ್ಟರನ್ನು ಕೆಪ್ಯಾಸಿಟರಿನಿಂದ ಗುಣಿಸಿ, ಪಾಯಿಂಟ್ ಆರು ಒಂಬತ್ತು ಮೂರರಿಂದ ಮತ್ತೊಮ್ಮೆ ಗುಣಿಸಿದರೆ ಹೊತ್ತು ಸಿಗುತ್ತದೆ. ಹತ್ತುವುದು ಸೆಕೆಂಡಿನ ಏಳನೆಯ ಒಂದು ಪಾಲಿನ ಆಸುಪಾಸು, ಆರಿರುವುದು ಒಂದು ಸೆಕೆಂಡಿನ ಮೇಲೆ ತುಸು. ನೂರರಲ್ಲಿ ಹದಿಮೂರು ಪಾಲು ಹೊತ್ತು ಬೆಳಕು. ಹಿಂದೆ ಇದ್ದದ್ದು ಅರವತ್ತೇಳು. ಲ್ಯಾಬಿನ ಆಸಿಲೋಸ್ಕೋಪಿನ ಪರದೆಯ ಮೇಲೆ ಅಳೆದಾಗ ಹತ್ತುವ ಹೊತ್ತು ಲೆಕ್ಕಕ್ಕಿಂತ ಉದ್ದ ಬಂತು. ಆರು ವೋಲ್ಟಿನಲ್ಲಿ ಡಯೋಡು ತನ್ನ ಪಾಲೆಂದು ಅರ್ಧ ವೋಲ್ಟಿನ ಮೇಲೆ ಇಟ್ಟುಕೊಳ್ಳುತ್ತದೆ, ತುಂಬುವುದು ನಿಧಾನವಾಗುತ್ತದೆ. ಅಷ್ಟನ್ನು ಹಿಡಿದರೂ ಸೆಲ್ಲಿನ ಖರ್ಚು ಮೊದಲಿನ ಕಾಲು ಭಾಗಕ್ಕೆ ಇಳಿದಿತ್ತು.

ಈ ಸಲ ಲೆಕ್ಕವನ್ನು ನಂಬಿ ಕೊಡಲಿಲ್ಲ. ಹೊಸ ಸೆಲ್ಲು ಹಾಕಿ ಮನೆಗೆ ತಂದು ಅಡುಗೆಮನೆಯ ಗೋಡೆಯ ಮಾಡದಲ್ಲಿಟ್ಟು, ಹಗಲೂ ಆರಿಸದೆ ಬಿಟ್ಟೆ. ಅತ್ತೆ ರೊಟ್ಟಿ ಬಡಿಯುತ್ತ ಅದರ ಕಡೆ ನೋಡುತ್ತಿದ್ದರು. ನಾನು ಕೆಲಸದಿಂದ ಬಂದ ಕೂಡಲೇ, “ಹತ್ತೇ ಐತಿ ನೋಡು,” ಎನ್ನುತ್ತಿದ್ದರು. ಮೂರು ಹಗಲು ಮೂರು ರಾತ್ರಿ ಮಿನುಗಿತು, ನಾಲ್ಕನೆಯ ದಿನ ಮಂಕಾಯಿತು. ರಾತ್ರಿ ಮಾತ್ರ ಹಚ್ಚಿದರೆ ಆರೇಳು ರಾತ್ರಿಗೆ ಭಯವಿಲ್ಲ. ಅದು ಆರಿದ ಮಧ್ಯಾಹ್ನ ಅತ್ತೆ ತಮ್ಮ ಹಳೆಯ ಕೆಂಪು ಇಳಕಲ್ ಸೀರೆಯ ಸೆರಗಿನಿಂದ ಒಂದು ತುಂಡು ಕತ್ತರಿಸಿ ತಂದರು. ಕಾಗದ ಮಂಜಿಗೆ ಹರಿದುಹೋಗುತ್ತದೆ, ಬಲ್ಬಿಗೆ ಇದನ್ನು ಕಟ್ಟು ಎಂದರು. ಕಟ್ಟಿ ನೋಡಿದೆ. ಬಟ್ಟೆ ದಪ್ಪ, ಬೆಳಕು ಹೊರಗೆ ಬರಲೇ ಇಲ್ಲ. ಅದನ್ನು ಹೇಳಲು ಬಾಯಿ ಬರದೆ, ಡಬ್ಬಿಯ ಹಿಡಿಗೆ ಸುತ್ತಿದೆ. ಬಲ್ಬಿನ ಮುಂದೆ ಹಳೆಯ ಸ್ಕೂಟರಿನ ಕೆಂಪು ಗಾಜು ಕೂಡಿಸಿದೆ.

ಕಾಕಾ ಬಂದು ಒಯ್ದರು. ಹೋಗುವಾಗ ಅತ್ತೆಯ ಕಡೆ ತಿರುಗಿ ಕೈ ಮುಗಿದರು. ಅತ್ತೆ ಮುಗಿಯಲಿಲ್ಲ, ಆದರೆ ಒಳಗೂ ಹೋಗಲಿಲ್ಲ. ಆಮೇಲೆ ಕಾಕಾ ತಮ್ಮೂರಿನ ಇನ್ನೂ ನಾಲ್ಕಾರು ಜನರಿಗೆ ಬೇಕಂತೆ ಎಂದು ಹೇಳಿ ಕಳಿಸಿದರು. ಮಾಡಿ ಕಳಿಸಿದೆ. ಕೈಗೆ ಅಭ್ಯಾಸವಾಗಿತ್ತು, ಬೆಸುಗೆ ಹಾಕುವ ಹೊತ್ತಿನಲ್ಲಿ ತಲೆ ಖಾಲಿ ಇರುತ್ತಿತ್ತು, ಅದೇ ಬೇಕಾಗಿತ್ತು. ಅವು ರಸ್ತೆಯಲ್ಲಿ ಏನು ಮಾಡುತ್ತಿವೆ ಎಂದು ನಾನು ನೋಡಿರಲಿಲ್ಲ. ಆ ರಸ್ತೆಗೆ ನಾನು ಕಾಲಿಟ್ಟಿರಲಿಲ್ಲ.

ಹಂಗಾಮು ಮುಗಿಯುತ್ತ ಬಂದಾಗ ಗಂಡನ ಶಾಲೆಯಿಂದ ಕರೆ ಬಂತು, ಪೆನ್ಶನ್ನಿನ ಕಾಗದಕ್ಕೆ ಸಹಿ ಬೇಕಂತೆ. ಹೋದೆ. ಸಹಿ ಮಾಡಿದೆ. ಗಣಿತದ ಮಾಸ್ತರರ ಖುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು, ಅದನ್ನೂ ನೋಡಿ ಬಂದೆ. ಮೂಡಲಗಿಯಲ್ಲಿ ಗೋಕಾಕದ ಬಸ್ಸು ಹತ್ತಿದಾಗ ಹೊತ್ತು ಮುಳುಗಿತ್ತು. ಡ್ರೈವರನ ಹಿಂದಿನ ಸೀಟು ಸಿಕ್ಕಿತು. ಪಕ್ಕದಲ್ಲಿ ಮಡಿಲ ತುಂಬ ಶೇಂಗಾ ಇಟ್ಟುಕೊಂಡು ಸುಲಿಯುತ್ತಿದ್ದ ಒಬ್ಬ ಹೆಂಗಸು.

ಕಬ್ಬಿನ ಹೊಲಗಳ ನಡುವೆ ರಸ್ತೆ ಒಂದು ಕಡೆ ಬಾಗುತ್ತದೆ. ಅಲ್ಲಿ ದೂರದಲ್ಲಿ ಒಂದು ಕೆಂಪು ಚುಕ್ಕೆ ಹತ್ತಿತು, ಆರಿತು. ಮತ್ತೆ ಹತ್ತಿತು. ಹತ್ತುವುದು ಚೂರು, ಆರುವುದು ಬಹಳ. ನೋಡಿದ ಕೂಡಲೇ ಗುರುತು ಹಿಡಿದೆ. ಡ್ರೈವರ್ ಎಕ್ಸಲರೇಟರಿನಿಂದ ಕಾಲು ತೆಗೆದ. ಬ್ರೇಕನ್ನೂ ಜೋರಾಗಿ ಹಾಕಲಿಲ್ಲ, ಹಾರ್ನೂ ಮಾಡಲಿಲ್ಲ. ಸ್ಟೇರಿಂಗನ್ನು ಬಲಕ್ಕೆ ಇಷ್ಟೇ ಎಳೆದ. ಕತ್ತಲಿನಷ್ಟೇ ಕಪ್ಪಗೆ ನಿಂತಿದ್ದ ಕಬ್ಬಿನ ಟ್ರೇಲರ್ ಎಡಗಡೆಯ ಕಿಟಕಿಗಳ ಪಕ್ಕದಲ್ಲಿ ಹಾದು ಹಿಂದೆ ಹೋಯಿತು. ಡ್ರೈವರ್ ಕಂಡಕ್ಟರನ ಜೊತೆ ಆಡುತ್ತಿದ್ದ ಮಾತನ್ನು ನಡುವೆ ನಿಲ್ಲಿಸಲೂ ಇಲ್ಲ. ಬಸ್ಸಿನಲ್ಲಿ ಯಾರೂ ತಲೆ ಎತ್ತಲಿಲ್ಲ.

ಆಗ ನನಗೆ ಸಿಟ್ಟು ಬಂತು. ಇಷ್ಟೇ ಏನು? ಒಂದು ಸಾವು ತಪ್ಪಲು ಇಷ್ಟೇ ಬೇಕಾಗಿತ್ತೇನು? ಚಿಪ್ಪು ಲ್ಯಾಬಿನ ಡಬ್ಬಿಯಲ್ಲಿ ವರ್ಷಗಟ್ಟಲೆ ಬಿದ್ದಿತ್ತು. ಸೂತ್ರ ನನ್ನ ಬಾಯಲ್ಲೇ ಇತ್ತು. ನನ್ನ ಗಂಡ ಕೂಡ ಒಮ್ಮೆ ನಮ್ಮ ಲ್ಯಾಬಿಗೆ ಬಂದಾಗ ಮಿನುಗುವ ದೀಪ ನೋಡಿ, ಇದರಿಂದ ಏನು ಉಪಯೋಗ ಎಂದು ನಗಾಡಿದ್ದರು. ಗಣಪತಿಗೆ ಹಾಕ್ತಾರ್ರಿ ಎಂದು ನಾನೂ ನಕ್ಕಿದ್ದೆ.

ಶೇಂಗಾ ಸುಲಿಯುತ್ತಿದ್ದ ಹೆಂಗಸು ನನ್ನ ಭುಜ ಹಿಡಿದು ಅಲುಗಿಸಿದಳು. “ಯಾಕವ್ವಾ, ಯಾಕ ಇಷ್ಟ ಅಳಾಕತ್ತಿ? ಯಾರ ಹೋದ್ರು?”

“ನನ್ನ ಗಂಡ ರಿ,” ಎಂದೆ.

“ಅಯ್ಯ ನನ್ನವ್ವಾ. ಯಾವಾಗ?”

“ಈಗ,” ಎಂದೆ.